ಬೋರ್ಡಿನಲ್ಲಿ ‘ಕಾಟನ್’, ಪಕ್ಕೆ ಹೊಲಿಗೆಯಲ್ಲಿ 65% ಪಾಲಿಯೆಸ್ಟರ್

ಅಂಗಡಿ ಮುಂದೆ ಆಳೆತ್ತರದ ಅಕ್ಷರದಲ್ಲಿ ‘ಕಾಟನ್ ಶರ್ಟ್’. ಗುಂಡಿಗೆ ನೇತುಹಾಕಿದ ರಟ್ಟಿನ ಚೀಟಿಯಲ್ಲಿ ‘ಕಾಟನ್ ಫೀಲ್’. ಶರ್ಟನ್ನು ಒಳಮಗ್ಗುಲು ಮಾಡಿ ಪಕ್ಕೆಯ ಹೊಲಿಗೆ ಹುಡುಕಿದರೆ, ಇರುವೆ ಸಾಲಿನಂಥ ಅಕ್ಷರದಲ್ಲಿ 65% ಪಾಲಿಯೆಸ್ಟರ್, 35% ಕಾಟನ್. ಕೇಳಿದರೆ, ‘ಕಾಟನ್ನೇ ಸಾರ್, ಸ್ವಲ್ಪ ಮಿಕ್ಸ್ ಇರತ್ತೆ ಅಷ್ಟೆ’ ಅಂತಾರೆ. ಮೂರು ಲೋಟದಲ್ಲಿ ಎರಡು ಲೋಟ ನೀರು ಹಾಕಿ ‘ಹಾಲೇ, ಸ್ವಲ್ಪ ಮಿಕ್ಸ್’ ಅಂದವನನ್ನು ನಾವು ಸುಮ್ಮನೆ ಬಿಡ್ತೀವಾ? ಬಟ್ಟೆ ಅಂಗಡಿಯವನಿಗೆ ಮಾತ್ರ ಯಾಕೆ ಈ ರಿಯಾಯಿತಿ?

ಪಾಲಿಯೆಸ್ಟರ್ ಕೆಟ್ಟದ್ದು ಅಂತ ಇಲ್ಲಿ ಯಾರೂ ಹೇಳ್ತಿಲ್ಲ. ಹಿಂದಿನವರು ಪಾಲಿಯೆಸ್ಟರ್-ಹತ್ತಿ ಮಿಶ್ರ ಬಟ್ಟೆಯನ್ನು ಟೆರಿಕಾಟ್ ಅಂತ ಹೆಸರು ಹೇಳಿಯೇ ಕೊಳ್ಳುತ್ತಿದ್ದರು, ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಿತ್ತು. ಈಗ ಅದೇ ಬಟ್ಟೆಗೆ ‘ಕಾಟನ್ ಬ್ಲೆಂಡ್’ ಅಂತ ನಾಮಕರಣ ಆಗಿದೆ. ಆ ಎರಡು ಪದದೊಳಗೆ 60 ಭಾಗ ಹತ್ತಿಯೂ ಅಡಗಬಹುದು, 20 ಭಾಗ ಹತ್ತಿಯೂ ಅಡಗಬಹುದು. ಎರಡರ ನಡುವೆ ಅಜಗಜಾಂತರ.

ಸುಕ್ಕಿನ ವಿಷಯಕ್ಕೇ ಬನ್ನಿ, ಮಾರುವವರು ಮೊದಲು ಹಿಡಿಯುವುದು ಅದನ್ನೇ. ಹತ್ತಿಯ ಎಳೆಯೊಳಗೆ ಅಣುಗಳು ಒಂದಕ್ಕೊಂದು ಸಡಿಲವಾಗಿ ಕೈ ಹಿಡಿದುಕೊಂಡಿರುತ್ತವೆ. ನೀರು ಅಥವಾ ಬೆವರು ಒಳಗೆ ಹೋದರೆ ಆ ಹಿಡಿತ ಬಿಡುತ್ತದೆ. ಆಗ ಮೊಣಕೈ ಮಡಚಿದ್ದರೆ, ಬೆನ್ನು ಕುರ್ಚಿಗೆ ಒತ್ತಿದ್ದರೆ, ಒಣಗುವಾಗ ಅದೇ ಸೊಟ್ಟ ಆಕಾರದಲ್ಲಿ ಮತ್ತೆ ಕೈ ಹಿಡಿಯುತ್ತದೆ. ಸುಕ್ಕು ಅಂದರೆ ಇಷ್ಟೇ. ನೀರು ಚಿಮುಕಿಸಿ ಬಿಸಿ ಇಸ್ತ್ರಿ ಒತ್ತಿದರೆ ಹೋಗುವುದೂ ಇದೇ ಕಾರಣಕ್ಕೆ. ಪಾಲಿಯೆಸ್ಟರ್ ಎಳೆಯೊಳಕ್ಕೆ ನೀರು ಹೆಚ್ಚುಕಡಿಮೆ ಹೋಗುವುದೇ ಇಲ್ಲ, ಮಡಚಿದರೂ ಸ್ಪ್ರಿಂಗಿನಂತೆ ಹಿಂದಕ್ಕೆ ಬರುತ್ತದೆ. ಹಾಗಾಗಿ 65 ಪಾಲಿಯೆಸ್ಟರ್ ಇರುವ ಶರ್ಟನ್ನು ಹಿಂಡದೆ, ಒಮ್ಮೆ ಝಾಡಿಸಿ ಹ್ಯಾಂಗರಿಗೆ ಹಾಕಿದರೆ ಹೆಚ್ಚುಕಡಿಮೆ ಸಪಾಟಾಗಿ ಒಣಗುತ್ತದೆ. 60 ಹತ್ತಿ, 40 ಪಾಲಿಯೆಸ್ಟರ್ ಇದ್ದರೆ ಮೊಣಕೈ ಹತ್ತಿರ, ಹೊಟ್ಟೆಯ ಹತ್ತಿರ ಸುಕ್ಕು ಬಿದ್ದೇ ಬೀಳುತ್ತದೆ. ಆದರೆ ಶುದ್ಧ ಹತ್ತಿಯಂತೆ ಕಾಗದ ಮುದುರಿದ ಗೆರೆ ಅಲ್ಲ, ಮೆತ್ತಗಿನ ಅಲೆ.

ಇಲ್ಲಿಯವರೆಗೆ ಮಾರುವವರು ಹೇಳುವುದು ನಿಜ. ಹೇಳದೆ ನುಂಗುವುದು ಮುಂದಿನದು. ಪಾಲಿಯೆಸ್ಟರಿಗೆ ಸುಕ್ಕು ಕೂರಿಸುವುದು ನೀರಲ್ಲ, ಬಿಸಿ. ಸುಮಾರು 70–80 ಡಿಗ್ರಿ ಹತ್ತಿರ ಆ ಎಳೆ ಮೆತ್ತಗಾಗಲು ಶುರುವಾಗುತ್ತದೆ. ವಾಷಿಂಗ್ ಮೆಷಿನ್ನಿನಲ್ಲಿ ಬಿಸಿ ನೀರಿಗೆ ಇಟ್ಟು, ಗಿರಗಿರ ಹಿಂಡಿಸಿ, ಬಿಸಿ ಇರುವಾಗಲೇ ಮುದ್ದೆಯಾಗಿ ಬಿಟ್ಟರೆ, ಅಥವಾ ಡ್ರೈಯರಿನಿಂದ ತಕ್ಷಣ ತೆಗೆಯದಿದ್ದರೆ, ಆ ಗೆರೆ ಹಾಗೇ ತಣ್ಣಗಾಗಿ ಗಟ್ಟಿಯಾಗುತ್ತದೆ. ಆಮೇಲೆ ನೀರು ಚಿಮುಕಿಸಿ ಏನೂ ಪ್ರಯೋಜನವಿಲ್ಲ. ಒದ್ದೆ ಬಟ್ಟೆ ಮೇಲೆ ಹಾಸಿ, ಮಧ್ಯಮ ಬಿಸಿಯಲ್ಲಿ ಹಬೆ ಕೊಟ್ಟು, ಸಪಾಟಾಗಿ ಹಾಸಿಟ್ಟು ಆರಲು ಬಿಡಬೇಕು. ‘ಇಸ್ತ್ರಿ ಬೇಡದ ಶರ್ಟಿಗೆ’ ಇಷ್ಟು ಸೇವೆ. 40 ಡಿಗ್ರಿ ದಾಟದ ನೀರಿನಲ್ಲಿ ಒಗೆಯಿರಿ ಅನ್ನೋ ಒಂದು ಸಾಲು ಆ ದೊಡ್ಡ ರಟ್ಟಿನ ಚೀಟಿಯಲ್ಲಿ ಹಾಕಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಇನ್ನು ಮೈಗೆ ಹೇಗಿರುತ್ತೆ ಅನ್ನೋದು. ಇದಕ್ಕೆ ಲೆಕ್ಕವೇ ಸಾಕು. ಮುಟ್ಟಿದರೆ ಒಣಗಿದೆ ಅನ್ನಿಸುವ ಹತ್ತಿಯೂ ಸಾಮಾನ್ಯ ಹವೆಯಲ್ಲಿ ತನ್ನ ಒಣ ತೂಕದ ಸುಮಾರು 8.5% ತೇವ ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ 0.4% ಮಾತ್ರ. 200 ಗ್ರಾಂ ತೂಗುವ ಶರ್ಟು ತಗೊಳ್ಳಿ. ಪೂರ್ತಿ ಹತ್ತಿಯಾದರೆ 17 ಗ್ರಾಂ ತೇವ ಒಳಗಿಟ್ಟುಕೊಳ್ಳುತ್ತದೆ. 60 ಹತ್ತಿಯ ಶರ್ಟು ಹತ್ತೂವರೆ ಗ್ರಾಂ. ಬೋರ್ಡಿನಲ್ಲಿ ‘ಕಾಟನ್’ ಅಂತ ಬರೆದ ಆ 35ರದ್ದು ಆರೂವರೆ ಗ್ರಾಂ. ಕೈಯಲ್ಲಿ ಹಿಡಿದಾಗ ಮೂರೂ ಒಂದೇ ಅನ್ನಿಸುತ್ತದೆ, ಅಂಗಡಿಯಲ್ಲಿ ಎ.ಸಿ. ಇರುತ್ತದಲ್ಲ! ಏಪ್ರಿಲ್ ಮಧ್ಯಾಹ್ನ ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಗೊತ್ತಾಗುತ್ತದೆ. ಬೆವರಿನ ಆವಿ ಎಳೆಯೊಳಗೆ ಹೋಗಲು ಜಾಗವಿಲ್ಲದೆ ಚರ್ಮಕ್ಕೂ ಬಟ್ಟೆಗೂ ನಡುವೆ ಉಳಿದು ಬೆನ್ನಿಗೆ ಅಂಟುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಮಂಗಳೂರಿನ ಮಳೆಗಾಲದಲ್ಲಿ ಲೆಕ್ಕ ತಿರುಗುತ್ತದೆ. ಅಲ್ಲಿ ಶುದ್ಧ ಹತ್ತಿ ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತಿದ್ದರೆ, ಟೆರಿಕಾಟ್ ಒಂದು ರಾತ್ರಿ ಫ್ಯಾನಿನ ಕೆಳಗೆ ಒಣಗಿರುತ್ತದೆ.

ನೋಟಕ್ಕೆ ಹೊಸದರಲ್ಲಿ ಮಿಶ್ರ ಬಟ್ಟೆಯೇ ಗೆಲ್ಲುತ್ತದೆ. ನಯ, ಚೂರು ಹೊಳಪು. ಹತ್ತಿಗೆ ಗಂಜಿ ಹಾಕಿದರೆ ಮಾತ್ರ ಬರುವ ಅಚ್ಚುಕಟ್ಟು ಇದಕ್ಕೆ ಸುಮ್ಮನೆ ಬಂದಿರುತ್ತದೆ. ಒಂದಿಷ್ಟು ತಿಂಗಳು ಹಾಕಿ ಒಗೆದ ಮೇಲೆ ಕಾಲರಿನ ಮಡಿಕೆಯನ್ನು ಬೆಳಕಿಗೆ ಹಿಡಿದು ನೋಡಿ. ಗಡ್ಡ ಉಜ್ಜುವ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಉಂಡೆಗಳು ಎದ್ದಿರುತ್ತವೆ. ಹತ್ತಿಯಲ್ಲೂ ಜುಂಗು ಏಳುತ್ತದೆ, ಆದರೆ ಬೇಗ ಕಡಿದು ಉದುರಿ ಹೋಗುತ್ತದೆ. ಪಾಲಿಯೆಸ್ಟರ್ ಎಳೆ ಗಟ್ಟಿ, ಕಡಿಯುವುದಿಲ್ಲ, ಉಂಡೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಇರುತ್ತದೆ. ಬಣ್ಣದ ಶರ್ಟಾದರೆ ಇನ್ನೊಂದು ಗೋಳು. ಎರಡು ಎಳೆಗೆ ಎರಡು ಜಾತಿಯ ಬಣ್ಣ ಬೇಕು, ಒಂದೇ ಬಣ್ಣ ಎರಡನ್ನೂ ಹಿಡಿಯುವುದಿಲ್ಲ. ಉಜ್ಜಿ ಉಜ್ಜಿ ಹತ್ತಿ ಸವೆದು, ಅದರ ಬಣ್ಣ ಮಾಸಿ, ಪಾಲಿಯೆಸ್ಟರಿನ ಬಣ್ಣ ಮಾತ್ರ ಉಳಿದಾಗ ಕಾಲರು, ಕಫಿನ ಅಂಚು ಬೂದಿ ಸವರಿದಂತೆ ಕಾಣುತ್ತದೆ. ಯಾವ ಸೋಪು ಹಾಕಿದರೂ ಅದು ಹೋಗಲ್ಲ, ಅದು ಕೊಳೆ ಅಲ್ಲವೇ ಅಲ್ಲ. ನಿಜವಾದ ಕೊಳೆ, ಅಂದರೆ ಕುತ್ತಿಗೆಯ ಎಣ್ಣೆಜಿಡ್ಡು, ಪಾಲಿಯೆಸ್ಟರಿಗೆ ಬಹಳ ಪ್ರಿಯ. ಕಂಕುಳ ವಾಸನೆ ಒಗೆದ ಮೇಲೂ ಉಳಿಯುವುದು ಆ ಜಿಡ್ಡಿನಿಂದಲೇ. ಅಲ್ಲಿಗೆ ಪಾತ್ರೆ ತೊಳೆಯುವ ದ್ರವ ಒಂದೆರಡು ಹನಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಒಗೆಯಬೇಕು.

ಇಸ್ತ್ರಿ ಗಾಡಿಯವರನ್ನು ಬೈಯುವವರಿಗೂ ಒಂದು ಮಾತು. ನೀವು ‘ಕಾಟನ್’ ಅಂತ ಹೇಳಿ ಕೊಟ್ಟಿರಿ, ಅವರು ಕೆಂಡದ ಪೆಟ್ಟಿಗೆಯನ್ನು ಹತ್ತಿಗೆ ಬೇಕಾದಷ್ಟು ಕಾಯಿಸಿ ಒತ್ತಿದರು. ಹತ್ತಿಗೆ 200 ಡಿಗ್ರಿ ನಡೆಯುತ್ತದೆ, ಈ ಮಿಶ್ರಣಕ್ಕೆ 150 ದಾಟಬಾರದು. ಜೇಬಿನ ಅಂಚಿನಲ್ಲಿ, ಗುಂಡಿಪಟ್ಟಿಯ ಮೇಲೆ ಬಂದ ಆ ಹೊಳೆಯುವ ಕಲೆ ಎಳೆ ಚಪ್ಪಟೆಯಾದದ್ದು, ಮತ್ತೆ ಸರಿಹೋಗುವುದಿಲ್ಲ. ತಪ್ಪು ಗಾಡಿಯವರದ್ದಲ್ಲ, ಚೀಟಿ ಬರೆದವರದ್ದು.

ಚೀಟಿಯೇ ಇಲ್ಲದಿದ್ದರೆ ಪಕ್ಕೆಯ ಒಳಗಿನ ಅಂಚಿನಿಂದ ಬಟ್ಟೆಯದ್ದೇ ಎರಡು ಎಳೆ ಎಳೆದುಕೊಳ್ಳಿ. ಹೊಲಿಗೆ ದಾರ ಬೇಡ, ಶುದ್ಧ ಹತ್ತಿ ಶರ್ಟಿನಲ್ಲೂ ಅದು ಸಾಮಾನ್ಯವಾಗಿ ಪಾಲಿಯೆಸ್ಟರೇ. ಚಿಮುಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು ಸುಡಿ. ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ ಬಂದರೆ ಹತ್ತಿ. (ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ಎಳೆ ಕೂಡ ಹೀಗೇ ಉರಿಯುತ್ತದೆ, ಹುಷಾರು.) ತುದಿಯಲ್ಲಿ ಕಪ್ಪು ಗಟ್ಟಿ ಮಣಿ ಕಟ್ಟಿದರೆ ಪಾಲಿಯೆಸ್ಟರ್ ಸೇರಿದೆ. ಎಷ್ಟು ಪಾಲು ಅಂತ ಈ ಬೆಂಕಿ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಅಂಗಡಿಯಲ್ಲಿ ಕೂತು ‘ಫೀಲ್ ನೋಡಿ ಸಾರ್, ಫೀಲ್’ ಅಂತಿದ್ದಾರೆ.