ಸೋರೋ ಶೆಡ್ಡು, ಲಿಂಕ್ಡ್‌ಇನ್ ಪೋಸ್ಟು

ನಮ್ಮ ಕಾಕಾನ ಮಗ ಬೆಳಗಾವಿ ಉದ್ಯಮಬಾಗದಾಗ ಒಂದ್ ಫೌಂಡ್ರಿಯೊಳಗ ಕ್ವಾಲಿಟಿ ಇಂಜಿನಿಯರ್ ಅದಾನ. ಲಿಂಕ್ಡ್‌ಇನ್‌ಗೆ ಹಾಕಾಕ ಅಂತ ಒಂದ್ ಕಾಸ್ಟಿಂಗ್ ಫೋಟೋ ತೆಗೆದು, ಕೆಳಗ "ಬ್ಲೋಹೋಲ್ ರಿಜೆಕ್ಷನ್ ಕಡಿಮೆ ಮಾಡಿದ್ವಿ, ಟೀಮಿಗೆ ಥ್ಯಾಂಕ್ಸ್" ಅಂತ ಒಂದ ಸಾಲ ಬರದಿದ್ದ. "ಅಣ್ಣಾ, ಇದನ್ನ ಸ್ವಲ್ಪ ಸ್ಟೋರಿ ಥರಾ ಬೆಳಸಿ ಕೊಡು" ಅಂದ.

ತಾನೂ ಒಂದ್ ಕೈ ನೋಡಿದ್ದ ಬಿಡ್ರಿ. ಅವಿರತ ಶ್ರಮ, ಸಾಮೂಹಿಕ ಪಯಣ, ಗುಣಮಟ್ಟದತ್ತ ದಿಟ್ಟ ಹೆಜ್ಜೆ, ಓದಿದ್ರ ಮದುವಿ ಪತ್ರಿಕಿ ಓದಿದಂಗ ಆಗ್ತಿತ್ತು, ಮುಹೂರ್ತ ಒಂದ್ ಇರಲಿಲ್ಲ ಅಷ್ಟ. ಸಾಲು ಹೆಚ್ಚಾಗಿದ್ವು, ಸುದ್ದಿ ಮಾತ್ರ ಇದ್ದಷ್ಟ ಇತ್ತು.

"ಅದೆಲ್ಲಾ ಅಳಿಸು, ಕಾಸ್ಟಿಂಗಿನಾಗ ಆ ಬ್ಲೋಹೋಲ್ ತೂತು ಯಾವಾಗ ಬೀಳಾಕತ್ವು ಅದನ್ನ ಹೇಳು" ಅಂದೆ.

"ಮಳಿ ಹಿಡಿದ ಮ್ಯಾಲೆ."

"ಯಾಕ?"

"ಅಚ್ಚು ಮಾಡೂ ಮರಳು ಹಸಿ ಆಗಿತ್ತು. ನಮ್ಮ ಮೋಲ್ಡಿಂಗ್ ಮರಳಿಗೆ ನೀರು 100ಕ್ಕ 3-4 ಭಾಗ ಸಾಕು, ಜಾಸ್ತಿ ಆದ್ರ ಕಾದ ಕಬ್ಬಿಣ ಹೊಯ್ದಾಗ ನೀರು ಆವಿ ಆಗಿ ಹೊರಗ ಹೋಗಾಕ ದಾರಿ ಸಿಗದ ಒಳಗ ಸಿಕ್ಕೊಂಡು ತೂತು ಬೀಳ್ತಾವು."

"ಮೊದಲು ಕಂಡ್ ಹಿಡಿದವ್ರು ಯಾರು?"

"ನಮ್ಮ ಹಳೇ ಮೋಲ್ಡರ್ ಮಾಮಾ. ಮರಳು ಮುಷ್ಟಿಯೊಳಗ ಹಿಚುಕಿ ನೋಡಿ 'ಸಾಹೇಬ್ರ, ಇದು ಕೈಗೆ ಅಂಟತೈತಿ' ಅಂದ್ರು. ಟೆಸ್ಟ್ ಮಾಡಿದ್ವಿ, ಹೌದು ಐತಿ."

ಸ್ಟೋರಿ ಅಂದ್ರ ಇದ ಅಲ್ಲೇನ್ರಿ! ಮೊದಲ ಸಾಲಿಗೆ ಮಾಮಾನ ಮಾತ ಇಟ್ಟೆ, ಯಾಕಂದ್ರ ಫೋನಿನಾಗ ಮೊದಲ ಎರಡ್ಮೂರ ಸಾಲು ಅಷ್ಟ ಕಾಣ್ತಾವು, ಉಳದದ್ದು ಒತ್ತಿದ್ರ ಮಾತ್ರ ತೆಗಿತೈತಿ, ಅಲ್ಲಿ "ಟೀಮಿಗೆ ಥ್ಯಾಂಕ್ಸ್" ಇಟ್ರ ಯಾರ ಒತ್ತತಾರ? ಆಮೇಲೆ ತೂತು, ಟೆಸ್ಟು, ಮರಳು ಎತ್ತಿ ಒಣಾ ಜಾಗಕ್ಕ ಹಾಕಿದ್ದು, ಪಾಳಿ ಸುರು ಆಗೂಕಿಂತ ಮೊದಲ ತೇವಾಂಶ ನೋಡೂ ರೂಢಿ, ಕಡೀಕ ಥ್ಯಾಂಕ್ಸ್, ಅದೂ ಮಾಮಾಗ. ಪೋಸ್ಟಿಗೆ 3000 ಅಕ್ಷರ ಹಿಡಿಸ್ತಾವು ಖರೆ, ತುಂಬಿಸಲೇಬೇಕು ಅಂತೇನಿಲ್ಲ. ಫೋಟೋದಾಗ ಗಿರಾಕಿ ಹೆಸರು, ಪಾರ್ಟ್ ನಂಬರ್ ಇದ್ದ ಜಾಬ್ ಕಾರ್ಡ್ ಮೂಲ್ಯಾಗ ಇಣುಕತಿತ್ತು, ಅದನ್ನೂ ಕ್ರಾಪ್ ಮಾಡಿಸ್ದೆ.

ತಮ್ಮ ಖುಷಿಯಿಂದ ಹಾಕಿದ. ಹಾಕೂ ಮುಂದ ತನ್ನದೊಂದು ಸಾಲು ಸೇರಿಸಿದ್ದ: "ಶೆಡ್ ಸೋರಿ ಮರಳಿನ ಮ್ಯಾಲೆ ನೀರು ಬೀಳ್ತಿತ್ತು." ಕಾರಣ ಬರೀಬೇಕು ಅಂತ ನಾನ ಹೇಳಿದ್ದೆ, ಹಂಗಾಗಿ ಬೈಯಾಕೂ ಬರ್ಲಿಲ್ಲ.

ಮಧ್ಯಾಹ್ನ ಮ್ಯಾನೇಜರ್ ಫೋನು. "ಏನೋ, ಫ್ಯಾಕ್ಟರಿ ಸೋರ್ತೈತಿ ಅಂತ ಗಿರಾಕಿಗೆಲ್ಲಾ ಡಂಗುರ ಸಾರಾಕ ಹತ್ತೀಯೇನು?" ಎಡಿಟ್ ಮಾಡಿ "ಮಳೆಗಾಲದಲ್ಲಿ ತೇವಾಂಶ ಹೆಚ್ಚಿತ್ತು" ಅಂತ ಮಾಡಿದ್ವಿ. ಸುಳ್ಳಂತೂ ಅಲ್ಲ, ಮ್ಯಾನೇಜರೂ ಲೈಕ್ ಒತ್ತಿದ್ರು.

ಸಂಜೀಕ ಮಾಮಾನ ಮಗ ತನ್ನ ಅಕೌಂಟಿಂದ ಕಮೆಂಟ್ ಹಾಕಿದ: "ಅಪ್ಪಾರು ಕೇಳಾಕ ಹತ್ತ್ಯಾರ, ತಗಡು ಯಾವಾಗ ಹಾಕಸ್ತೀರಿ ಅಂತ."