ಮಾವನ ಕಿವಿ

ಪೇಂಟಿನವರು ಬರುತ್ತಾರೆಂದು ಗೋಡೆಯ ಫೋಟೋಗಳನ್ನೆಲ್ಲ ಇಳಿಸಿದ್ದೇ ತಪ್ಪಾಯಿತು. ಪೇಂಟಿನವರು ಬರಲಿಲ್ಲ, ಮಳೆ ಬಂತು. ಮಂಗಳೂರಿನ ಮಳೆ ಎಂದರೆ ಗೊತ್ತಲ್ಲ, ಬೀರುವಿನೊಳಗಿನ ಅಂಗಿಗೂ ಬೂಸ್ಟು ಹಿಡಿಸುವಂಥದ್ದು. ಮೂಲೆಯಲ್ಲಿ ಒರಗಿಸಿಟ್ಟಿದ್ದ ಅಜ್ಜಿಮನೆಯ ಫೋಟೋ ಹದಿನೈದು ದಿನದಲ್ಲಿ ಗಾಜಿಗೆ ಅಂಟಿಕೊಂಡು ಕೂತಿತು.

ಅಜ್ಜಿಮನೆ ಪಾಲಾದಾಗ ತೆಂಗಿನಮರಗಳು ಮಾವನಿಗೆ ಹೋದವು, ಈ ಫೋಟೋ ನನಗೆ ಬಂತು. ಯಾರಿಗೆ ಲಾಭವಾಯಿತು ಎಂದು ನಾನು ಹೇಳಬೇಕಾಗಿಲ್ಲ. ಅಂಗಳದಲ್ಲಿ ಬೆಂಚು ಹಾಕಿ ತೆಗೆದದ್ದು. ಬೆಂಚಿನ ಮೇಲೆ ಅಜ್ಜ, ಅಜ್ಜಿ. ಚಾಪೆಯ ಮೇಲೆ ಮಕ್ಕಳು. ಅದರಲ್ಲಿ ಮೂಗು ಸೋರಿಸಿಕೊಂಡು ಕೂತ ನಾಲ್ಕು ವರ್ಷದ ಹುಡುಗಿಯೇ ನನ್ನ ಅಮ್ಮ. ಹಿಂದೆ ನಿಂತವರ ಸಾಲಿನಲ್ಲಿ ಒಂದು ತುದಿಗೆ ದೊಡ್ಡಮ್ಮ, ಇನ್ನೊಂದು ತುದಿಗೆ ಮಾವ. ಮಾವನ ಪಕ್ಕದಲ್ಲಿ ಒಂದು ತೂತು.

ಆ ತೂತಿನ ಹಿಂದೆ ಫ್ರೇಮಿನವನು ಹಳೆಯ ಕ್ಯಾಲೆಂಡರ್ ಹಾಳೆಯೊಂದನ್ನು ಇಟ್ಟಿದ್ದ. ಕೃಷ್ಣನ ಹೊಟ್ಟೆ ಸರಿಯಾಗಿ ಅಲ್ಲಿಗೇ ಬಂದಿತ್ತು. ಹಾಗಾಗಿ ಸಣ್ಣವನಿದ್ದಾಗ ನನಗೆ ಅಜ್ಜಿಮನೆಯಲ್ಲಿ ಒಬ್ಬಳು ನೀಲಿ ಚಿಕ್ಕಮ್ಮ ಇದ್ದಳು. ಅವಳು ಯಾವತ್ತೂ ಊಟಕ್ಕೆ ಬಾರದಿದ್ದದ್ದು ನನಗೇನೂ ವಿಚಿತ್ರ ಎನಿಸಿರಲಿಲ್ಲ.

ಅಂಟಿದ್ದನ್ನು ಬಿಡಿಸಿ ಒಂದು ಕಾಪಿ ಮಾಡಿಸೋಣ ಎಂದು ಹತ್ತಿರದ ಸ್ಟುಡಿಯೋಗೆ ಹೋದೆ. ಅಲ್ಲಿನ ಹುಡುಗ ಮೊದಲು ನೋಡಿದ್ದೇ ತೂತನ್ನು.

"ಸಾರ್, ಈ ಗ್ಯಾಪಿಗೆ ಎಂತ ಹಾಕುವ? ಒಂದು ಪರ್ದೆ ಹಾಕಿಬಿಡ್ಲಾ? ಇಲ್ಲದಿದ್ರೆ ಬಾಳೆಗಿಡ?"

ಏನೂ ಬೇಡ, ಇದ್ದ ಹಾಗೆ ಇರಲಿ ಎಂದೆ.

"ಚಂದ ಕಾಣುದಿಲ್ಲ ಸಾರ್. ಹಲ್ಲು ಹೋದ ಹಾಗೆ ಕಾಣ್ತದೆ."

ಇಷ್ಟು ಹೇಳುತ್ತಲೇ ಅವನು ಫೋಟೋದ ಮೂಲೆಗೆ ಉಗುರು ಹಾಕಿ ಎಳೆದುಬಿಟ್ಟ. ಕಪ್ಪು ಬಿಳುಪು ಫೋಟೋ ಅಂದರೆ ಕಾಗದದ ಮೇಲೆ ಜೆಲಟಿನ್ನಿನ ತೆಳು ಪದರ, ಅದರೊಳಗೆ ಬೆಳ್ಳಿಯ ಪುಡಿ. ಚಿತ್ರ ಇರುವುದೇ ಆ ಪದರದಲ್ಲಿ. ತೇವಕ್ಕೆ ಅದು ಉಬ್ಬಿ ಗೋಂದಿನ ಹಾಗಾಗುತ್ತದೆ, ಒಣಗುವಾಗ ಗಾಜನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಎಳೆದರೆ ಕಾಗದ ನಮ್ಮ ಕೈಗೆ, ಚಿತ್ರ ಗಾಜಿಗೆ. ಅಜ್ಜನ ಬಲಗಾಲಿನ ಹೆಬ್ಬೆರಳು ಈಗ ಗಾಜಿನ ಮೇಲಿದೆ. ಅಂಟಿದ ಫೋಟೋವನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡಬೇಕು ಮಾರಾಯ, ಎಳೆಯಬಾರದು ಎಂದು ನಾನು ಹೇಳುವಷ್ಟರಲ್ಲಿ ಅವನು "ಸ್ವಲ್ಪವೇ ಹೋದದ್ದು ಸಾರ್" ಎಂದ. ಸ್ವಲ್ಪವೇ! ಅವನ ಅಜ್ಜನ ಹೆಬ್ಬೆರಳಾಗಿದ್ದರೆ ಗೊತ್ತಾಗುತ್ತಿತ್ತು.

ಸಿಟ್ಟಿನಲ್ಲಿ ಫೋಟೋ ಕಿತ್ತುಕೊಂಡು ಬಂದೆ. ಬಂದವನಿಗೆ ಬೇರೆ ಕೆಲಸ ಇರಲಿಲ್ಲ. ಅಮ್ಮನಲ್ಲಿ ಕೇಳಿದೆ, ಇಲ್ಲಿ ಯಾರಿದ್ದರು ಅಂತ.

"ಯಾರೂ ಇಲ್ಲ. ಹುಳ ತಿಂದದ್ದು" ಎಂದಳು ಅಮ್ಮ.

ನಾನು ಭೂತಗನ್ನಡಿ ತಂದೆ. ಹಳೆಯ ಪುಸ್ತಕಗಳಲ್ಲಿ ಸುಳಿದಾಡುವ ಬೆಳ್ಳಿ ಬಣ್ಣದ ಹುಳಕ್ಕೆ ಫೋಟೋದ ಜೆಲಟಿನ್ ಇಷ್ಟವೇ. ಆದರೆ ಅದು ಮೇಲಿನ ಪದರವನ್ನಷ್ಟೇ ಕೆರೆದು ತಿನ್ನುತ್ತದೆ. ಅಲ್ಲಲ್ಲಿ ಚರ್ಮ ಸುಲಿದ ಹಾಗೆ ಬೆಳ್ಳಗಾಗುತ್ತದೆ, ಅಂಚು ಹರಕು ಹರಕಾಗಿರುತ್ತದೆ. ಗೆದ್ದಲು ಆದರೆ ಆರಪಾರ ತಿನ್ನುತ್ತದೆ, ಜೊತೆಗೆ ಮಣ್ಣು ಮೆತ್ತಿ ಹೋಗುತ್ತದೆ. ಯಾವ ಹುಳವೂ ಮೇಲಿನ ಅಂಚಿನಿಂದ ನೆಟ್ಟಗೆ ಇಳಿದು, ತಲೆಯ ಸುತ್ತ ಬಂದು, ಕುತ್ತಿಗೆಯಲ್ಲಿ ಒಳಗೆ ಸರಿದು, ಭುಜದ ಮೇಲೆ ಹೊರಗೆ ಬಂದು, ಅಜ್ಜಿಯ ತಲೆ ಸಿಕ್ಕಿದ ಕೂಡಲೇ ಮರ್ಯಾದೆಯಿಂದ ನಿಲ್ಲುವುದಿಲ್ಲ.

"ಹಾಗಾದ್ರೆ ಮರ್ಯಾದಸ್ಥ ಹುಳ" ಎಂದು ಅಮ್ಮ ಒಳಗೆ ಹೋದಳು.

ಅದು ಕತ್ತರಿಯ ಕೆಲಸ. ಬ್ಲೇಡ್ ಆಗಿದ್ದರೆ ತಿರುವಿನಲ್ಲಿ ಗೆರೆ ಸ್ವಲ್ಪ ಮುಂದೆ ಹೋಗಿ ಗೀರು ಉಳಿಯುತ್ತದೆ. ಕತ್ತರಿ ಹಾಗಲ್ಲ. ಒಮ್ಮೆ ಬಾಯಿ ಮುಚ್ಚಿ ಮತ್ತೆ ತೆರೆದು ಮುಂದುವರಿಯುವಲ್ಲಿ ಕೂದಲಿನಷ್ಟು ಸಣ್ಣ ಮೆಟ್ಟಿಲು ಬೀಳುತ್ತದೆ. ಇಲ್ಲಿ ಕುತ್ತಿಗೆಯ ಹತ್ತಿರ ಅಂಥ ಮೂರು ಮೆಟ್ಟಿಲು, ಉಳಿದಲ್ಲಿ ಒಂದೂ ಇಲ್ಲ. ಅಂದರೆ ಕತ್ತರಿ ಉದ್ದದ್ದು, ಕೈ ಪಳಗಿದ್ದು. ಅಜ್ಜಿಮನೆಯಲ್ಲಿ ಅಂಥ ಕತ್ತರಿ ಒಂದೇ ಇತ್ತು. ಅದು ದೊಡ್ಡಮ್ಮನ ಬೀಡಿ ಕತ್ತರಿ.

ಆ ಕತ್ತರಿಯ ವಿಷಯ ಹೇಳದೆ ನನಗೆ ಮುಂದೆ ಹೋಗಲಿಕ್ಕಾಗುವುದಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳ ಅನ್ನ ಬೀಡಿಯಿಂದ ಬಂದದ್ದು. ಬೀಡಿ ಕಂಪೆನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು. ಎಲೆಯನ್ನು ನೀರಿನಲ್ಲಿ ಅದ್ದಿ ಒದ್ದೆ ಗೋಣಿಯಲ್ಲಿ ಸುತ್ತಿಡುವುದು. ಮೆತ್ತಗಾದ ಮೇಲೆ ಅದರ ಮೇಲೆ ಅಳತೆಯ ತಗಡು ಇಟ್ಟು ಸುತ್ತಲೂ ಕತ್ತರಿಸುವುದು. ಕಲಿಯುವವರು ಕತ್ತರಿಯನ್ನು ತಿರುಗಿಸುತ್ತಾರೆ. ದೊಡ್ಡಮ್ಮ ಎಲೆಯನ್ನು ತಿರುಗಿಸುತ್ತಿದ್ದರು, ಕತ್ತರಿ ಇದ್ದಲ್ಲೇ ಇರುತ್ತಿತ್ತು. ಕಚ್, ಕಚ್, ಕಚ್, ನಾಲ್ಕು ಸಲ, ಒಂದು ಎಲೆ ಆಯಿತು. ನಡುವೆ ನನ್ನ ಮಗ್ಗಿ ತಪ್ಪಿದರೆ ತಿದ್ದುತ್ತಿದ್ದರು, ಅಂಗಳಕ್ಕೆ ಬಂದ ಕೋಳಿಯನ್ನು ಓಡಿಸುತ್ತಿದ್ದರು, ಕೈ ನೋಡುತ್ತಲೇ ಇರಲಿಲ್ಲ. ಎಲೆ ಸಣ್ಣದಾದರೆ ಬೀಡಿ ಸಪೂರವಾಗುತ್ತದೆ, ಬ್ರಾಂಚಿನಲ್ಲಿ ಚೆಕ್ಕರ್ ಆರಿಸಿ ಬದಿಗೆ ಹಾಕುತ್ತಾನೆ. ಹಾಗೆ ಬದಿಗೆ ಹಾಕಿದ್ದಕ್ಕೆ ಕೂಲಿ ಇಲ್ಲ, ಎಲೆಯೂ ಮುಗಿದುಹೋಗಿರುತ್ತದೆ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ ಸಿಗುವಾಗ ಕತ್ತರಿಯ ಬಾಯಿಯೇ ಹೊಟ್ಟೆಯ ಬಾಯಿ.

ಹಾಗಾಗಿ ಆ ಕತ್ತರಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಹಿಡಿಗೆ ಹಳೆಯ ಸೀರೆಯ ಚೂರು ಸುತ್ತಿತ್ತು. ಒಮ್ಮೆ ನಾನು ಅದರಲ್ಲಿ ಗಾಳಿಪಟದ ಕಾಗದ ಕತ್ತರಿಸಿದೆ. ಒಂದೇ ಒಂದು ಸಲ. ದೊಡ್ಡಮ್ಮ ಹೊಡೆಯಲಿಲ್ಲ. ಕತ್ತರಿಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ತೆರೆದು ಮುಚ್ಚಿದರು. "ಕಾಗದ ಕತ್ತರಿಸಿದಿಯಾ?" ಎಂದರು. ಹೇಗೆ ಗೊತ್ತಾಯಿತೋ! ಕಾಗದ ಕತ್ತರಿಸಿದರೆ ಬಾಯಿ ಹೋಗುತ್ತದಂತೆ. ಸಾಣೆಯವನು ಬರುವವರೆಗೆ, ಅಂದರೆ ಸುಮಾರು ಹನ್ನೊಂದು ದಿನ, ನನಗೆ ಅವರ ಪಾಲಿನ ಕಡುಬು ಸಿಗಲಿಲ್ಲ. ಆ ಹನ್ನೊಂದು ದಿನವನ್ನು ನಾನು ಇನ್ನೂ ಕ್ಷಮಿಸಿಲ್ಲ. ಈಗಿನ ಮಕ್ಕಳಿಗೆ ಕತ್ತರಿ ಅಂದರೆ ಹಾಲಿನ ಪ್ಯಾಕೆಟ್ ಹರಿಯುವ ವಸ್ತು. ನಮ್ಮ ಮನೆಯಲ್ಲಿ ಈಗ ನಾಲ್ಕು ಕತ್ತರಿ ಇವೆ, ಬೇಕಾದಾಗ ಒಂದೂ ಸಿಗುವುದಿಲ್ಲ, ಸಿಕ್ಕಿದ್ದು ಕತ್ತರಿಸುವುದಿಲ್ಲ, ಜಗಿಯುತ್ತದೆ.

ಇರಲಿ. ಅಂಥ ದೊಡ್ಡಮ್ಮ ಅಂಥ ಕತ್ತರಿಯಲ್ಲಿ ಫೋಟೋ ಕತ್ತರಿಸಿದ್ದಾರೆ. ಫೋಟೋ ಕಾಗದ ಬರೀ ಕಾಗದವೂ ಅಲ್ಲ, ಅದರ ಮೇಲೆ ಸೇಡಿಯಂಥ ಬಿಳಿ ಲೇಪ ಬೇರೆ ಇರುತ್ತದೆ. ಯಾರ ಮೇಲೆ ಅಷ್ಟು ಸಿಟ್ಟು?

ಮಾವನಲ್ಲಿ ಕೇಳಿದರೆ "ಮುಖ ನೋಡ್ಲಿಕ್ಕೆ ಬೇಡಾಂತ ತೆಗೆದದ್ದಿರಬೇಕು" ಎಂದು ಫೋನಿನಲ್ಲಿ ದನಿ ತಗ್ಗಿಸಿದರು. ಯಾರ ಮುಖ ಎಂದರೆ ಸಿಗ್ನಲ್ ಹೋಯಿತು. ಮಾವನಿಗೆ ತೆಂಗಿನಕಾಯಿ ರೇಟಿನ ವಿಷಯ ಮಾತಾಡುವಾಗ ಸಿಗ್ನಲ್ ಹೋದದ್ದು ನಾನು ಕಂಡಿಲ್ಲ.

ಆದರೆ ಭೂತಗನ್ನಡಿಯಲ್ಲಿ ಇನ್ನೊಂದು ಕಂಡಿತು. ಫೋಟೋದಲ್ಲಿ ಮಾವನಿಗೆ ಎಡಗಿವಿ ಇಲ್ಲ. ತೂತಿನ ಗೆರೆ ಆ ಕಿವಿಯನ್ನು ಹಾರಿಸಿಕೊಂಡು ಹೋಗಿದೆ. ಇಷ್ಟು ವರ್ಷ ನಾವು ಅದನ್ನು ಅವರ ಕ್ರಾಪಿನ ದೋಷ ಎಂದುಕೊಂಡಿದ್ದೆವು. ಈಗ ಯೋಚಿಸಿ. ಒಬ್ಬರನ್ನು ಕತ್ತರಿಸಿ ಬಿಸಾಡಬೇಕಾದರೆ ಕತ್ತರಿ ಯಾರನ್ನು ಕಾಯುತ್ತದೆ? ಉಳಿಯುವವರನ್ನು. ಬಿಸಾಡುವವರ ಮೂಗು ಹೋದರೇನು, ಭುಜ ಹೋದರೇನು. ಇಲ್ಲಿ ಆದದ್ದು ಅದರ ಉಲ್ಟಾ. ಉಳಿದವರ ಕಿವಿ ಹೋಗಿದೆ, ಹೋದವಳ ಗೆರೆ ಮಾತ್ರ ಎಲ್ಲೂ ಕೆಟ್ಟಿಲ್ಲ. ತಲೆಯ ಹಿಂದೆ ತೂತಿಗೆ ಒಂದು ಸಣ್ಣ ಉಬ್ಬು ಇದೆ. ಅದು ತುರುಬು. ತುರುಬಿನ ಮೇಲೆ ಇನ್ನೊಂದು ಪುಟ್ಟ ಉಬ್ಬು. ಅದು ಮಲ್ಲಿಗೆ ಇರಬೇಕು, ಆಚೆ ತುದಿಯಲ್ಲಿ ದೊಡ್ಡಮ್ಮನ ತಲೆಯಲ್ಲೂ ಅಂಥದ್ದೇ ಇದೆ. ಒಂದು ಮೊಗ್ಗೂ ತುಂಡಾಗದ ಹಾಗೆ ಸುತ್ತು ಬಂದಿದ್ದಾರೆ. ಸಿಟ್ಟಿನಲ್ಲಿ ಯಾರಾದರೂ ಮಲ್ಲಿಗೆಯನ್ನು ಬಿಡಿಸಿ ಕತ್ತರಿಸುತ್ತಾರಾ?

ಇನ್ನು ಕ್ಯಾಲೆಂಡರ್. ಹಿಂದಿನ ಹಲಗೆ ಬಿಚ್ಚಿ ಹಾಳೆಯನ್ನು ತೆಗೆದೆ. 1971ರ ಆಗಸ್ಟ್. ತೂತಿನ ಎದುರು ಇದ್ದಷ್ಟು ಭಾಗ ಬೆಳಕಿಗೆ ಮಾಸಿ ಬೂದಿಯಾಗಿದೆ, ಮಾಸಿದ್ದು ತುರುಬಿನ ಸಮೇತ ಅದೇ ಆಕಾರ. ಉಳಿದ ಕೃಷ್ಣ ಹೊಸ ನೀಲಿಯಲ್ಲೇ ಇದ್ದಾನೆ. ಅಂದರೆ ಗೋಡೆಯಲ್ಲಿದ್ದ ಅಷ್ಟೂ ವರ್ಷ ತೂತು ಇತ್ತು. ಕತ್ತರಿಸಿದ ಮೇಲೆಯೇ ಫ್ರೇಮ್ ಹಾಕಿಸಿ, ಬಂದವರೆಲ್ಲ ನೋಡುವ ಚಾವಡಿಯಲ್ಲಿ ತೂಗುಹಾಕಿದ್ದಾರೆ. ಮುಚ್ಚಿಡುವ ವಿಷಯವಾಗಿದ್ದರೆ ಹೀಗೆ ಮೊಳೆ ಹೊಡೆದು ಹಾಕುತ್ತಿದ್ದರಾ?

ಇಷ್ಟೆಲ್ಲ ಕಂಡುಹಿಡಿದ ಹೆಮ್ಮೆಯಲ್ಲಿ ಬಸ್ಸು ಹತ್ತಿ ಮೂಲ್ಕಿಗೆ ಹೋದೆ. ದೊಡ್ಡಮ್ಮ ಜಗಲಿಯಲ್ಲಿ ಕೂತಿದ್ದರು. ಬೀಡಿ ಬಿಟ್ಟು ಎಷ್ಟೋ ವರ್ಷವಾಯಿತು, ಹೆಬ್ಬೆರಳಿನ ಗಂಟು ಹಾಗೇ ಇದೆ. ಫೋಟೋ ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. ನಾನು ಸುಮ್ನೆ ಕೂತೆ.

"ಅಪ್ಪನ ಬೆರಳು ಎಲ್ಲಿ ಹೋಯ್ತು?" ಎಂದರು.

ಸ್ಟುಡಿಯೋದ ಕತೆ ಹೇಳಿದೆ. ಹುಡುಗನಿಗೆ ತುಳುವಿನಲ್ಲಿ ಎರಡು ಮಾತು ಬಿತ್ತು, ನನಗೂ ಒಂದು. ಆಮೇಲೆ ನಾನೇ ಮೆಲ್ಲನೆ ತೂತಿನ ಮೇಲೆ ಬೆರಳಿಟ್ಟೆ.

"ಕಿವಿ ಹೋದದ್ದು ನನ್ನ ತಪ್ಪಲ್ಲ" ಎಂದರು ದೊಡ್ಡಮ್ಮ. "ಆ ದಿನವೇ ಸಾಣೆ ಹಿಡಿಸಿದ್ದು. ಸರ್ರಂತ ಹೋಯ್ತು."

"ಯಾರದು ದೊಡ್ಡಮ್ಮ?"

"ಅವಳದ್ದು ಬೇರೆ ಫೋಟೋ ಇರಲಿಲ್ಲ."

"ಯಾರಿಗೆ ಕೊಟ್ರಿ?"

ದೊಡ್ಡಮ್ಮ ಅಂಗಳದ ಕಡೆ ನೋಡಿದರು. "ಬಿಸಿಲು ಹೋಗ್ತಾ ಉಂಟು. ಆ ಹಪ್ಪಳದ ಚಾಪೆ ಒಳಗೆ ತೆಗಿ. ಎಲ್ಲ ನಾನೇ ಹೇಳ್ಬೇಕಾ ನಿನಗೆ?"

ತೆಗೆದಿಟ್ಟೆ. ಹಲಸಿನದ್ದು. ಇಪ್ಪತ್ತು ಹಪ್ಪಳ ಕಟ್ಟಿಕೊಟ್ಟರು, ಮಾತು ಮಾತ್ರ ಮತ್ತೆ ಅಲ್ಲಿಗೆ ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗದೆ ಹಪ್ಪಳದ ಕಟ್ಟು ಒಂದು ಕೈಯಲ್ಲಿ, ಅಜ್ಜನಾದಿಯಾಗಿ ಇಡೀ ಕುಟುಂಬ ಇನ್ನೊಂದು ಕೈಯಲ್ಲಿ, ಕಂಡಕ್ಟರ್ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಬೆನ್ನಿಗೆ ಗುದ್ದುತ್ತಿದ್ದ. ಐದು ಹಪ್ಪಳ ಹುಡಿಯಾಯಿತು.

ಮೊನ್ನೆ ಬೇರೆ ಅಂಗಡಿಯಲ್ಲಿ ಫ್ರೇಮ್ ಹಾಕಿಸಿದೆ. ಈ ಸಲ ಗಾಜಿಗೂ ಫೋಟೋಗೂ ನಡುವೆ ಸುತ್ತ ಒಂದು ದಪ್ಪ ರಟ್ಟಿನ ಪಟ್ಟಿ ಕೊಡಿಸಿದ್ದೇನೆ, ಇನ್ನೊಂದು ಮಳೆಗೆ ಅಂಟಬಾರದಲ್ಲ. ಹಿಂದಕ್ಕೆ ಹೊಸ ಬಿಳಿ ಕಾರ್ಡ್ ಹಾಕುತ್ತೇನೆ ಎಂದ ಅಂಗಡಿಯವನು. ಬೇಡ, ಇದೇ ಕ್ಯಾಲೆಂಡರ್ ಹಾಕು, ಮಾಸಿದ್ದು ತೂತಿಗೆ ಸರಿಯಾಗಿ ಬರಬೇಕು ಎಂದು ಎರಡೆರಡು ಸಲ ಹೇಳಿ, ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟು ಬಂದೆ. ತಂದು ನೋಡಿದರೆ ಹಾಳೆ ಎರಡು ಇಂಚು ಕೆಳಗೆ ಜಾರಿದೆ. ಹೊಟ್ಟೆ ಇದ್ದಲ್ಲಿ ಈಗ ಕೊಳಲು ಹಿಡಿದ ಎರಡು ಬೆರಳು ಕಾಣುತ್ತವೆ. ನಾಳೆ ಹೋಗಿ ಜಗಳ ಮಾಡಬೇಕು.