ಭೂಗೋಳ ತಿರುಗುತ್ತಿದೆ, ದಯವಿಟ್ಟು ಕಾಯಿರಿ

ಹಣ ಕೊಡಬೇಕೋ ಬೇಡವೋ ಎಂದು ತೂಗುವ ತೀರ್ಪುಗಾರರು ನಿಮ್ಮ ಐಡಿಯಾದ ಬಗ್ಗೆ ಎರಡು ನಿಮಿಷದ ಪಿಚ್ ವಿಡಿಯೊ ಕಳಿಸಿ ಅಂದದ್ದೇ ತಡ, ಸ್ಟಾರ್ಟಪ್‌ನವರು ಮೊದಲು ಹುಡುಕುವುದು ಭೂಗೋಳವನ್ನು. ಕಪ್ಪು ಆಕಾಶ, ನಡುವೆ ನೀಲಿ ಗೋಳ, ಹಿಂದೆ ಯುದ್ಧಕ್ಕೆ ಹೊರಟಂಥ ಡೋಲು. ಆಮೇಲೊಂದು ಗಡಸು ದನಿ: ‘ಇಂದಿನ ವೇಗದ ಜಗತ್ತಿನಲ್ಲಿ...’ ಆ ವೇಗದ ಜಗತ್ತು ತನ್ನ ಪಾಡಿಗೆ ಮೆಲ್ಲಗೆ ತಿರುಗುತ್ತಲೇ ಇರುತ್ತದೆ. ಯಾರಿಗೂ ಅವಸರವಿಲ್ಲ.

ಕ್ಲಿನಿಕ್ಕಿನ ಸರದಿಯನ್ನು ಮನೆಯಲ್ಲೇ ಕೂತು ನೋಡುವ ಆ್ಯಪ್ ಒಂದಿದೆ ಎಂದುಕೊಳ್ಳಿ. ಐಡಿಯಾ ಚೆನ್ನಾಗಿಯೇ ಇದೆ. ಅದರ ವಿಡಿಯೊದ ಲೆಕ್ಕ ಹೀಗೆ: ಲೋಗೋ ಚೂರುಚೂರಾಗಿ ಹಾರಿಬಂದು ಕೂಡಿಕೊಳ್ಳಲು 8 ಸೆಕೆಂಡು. ಭೂಗೋಳ ಮತ್ತು ಆರೋಗ್ಯ ಕ್ಷೇತ್ರದ ಸವಾಲುಗಳಿಗೆ 42. ‘ಸಮಗ್ರ ಡಿಜಿಟಲ್ ವೇದಿಕೆ’ ಎಂಬ ಮಾತನ್ನು ಮೂರು ಬಗೆಯಲ್ಲಿ ಹೇಳಲು 30. ತಂಡದವರು ಕೈಕಟ್ಟಿ ಓರೆಯಾಗಿ ನಿಂತ ಫೋಟೊಗಳಿಗೆ 20. ಕೋರಿಕೆಗೂ ಧನ್ಯವಾದಕ್ಕೂ ಸೇರಿ 12. ಉಳಿದ 8 ಸೆಕೆಂಡು ಡೆಮೊಗೆ. ಲೋಗೋಗೂ ಡೆಮೊಗೂ ಸಮಪಾಲು. ಇಂಥ ನ್ಯಾಯ ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲೂ ಸಿಗಲಿಕ್ಕಿಲ್ಲ.

ಆ ಎಂಟು ಸೆಕೆಂಡನ್ನು ಒಮ್ಮೆ ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಫೋನಿನ ಪರದೆಯಲ್ಲಿ ‘ನಿಮ್ಮ ಮುಂದೆ 12 ಮಂದಿ’ ಎಂದಿದೆ. ಬೆರಳು ಸೋಕುತ್ತದೆ. ‘ನಿಮ್ಮ ಮುಂದೆ 3 ಮಂದಿ.’ ಒಂಬತ್ತು ರೋಗಿಗಳು ಒಳಗೆ ಹೋಗಿ ಬಂದರು, ಮೇಲಿನ ಮೂಲೆಯ ಗಡಿಯಾರ ಮಾತ್ರ 9:41ರಲ್ಲೇ ನಿಂತಿದೆ. ಆ್ಯಪಲ್ ಕಂಪನಿ ತನ್ನ ಐಫೋನ್ ಚಿತ್ರಗಳಲ್ಲಿ ತೋರಿಸುತ್ತ ಬಂದ ಸಮಯ ಅದು. ಡಿಸೈನ್ ಟೆಂಪ್ಲೇಟುಗಳಿಗೂ ಹಾಗೇ ಇಳಿದಿದೆ. ಅಂದರೆ ಇದು ಆ್ಯಪ್ ಅಲ್ಲ, ಆ್ಯಪಿನ ಚಿತ್ರ, ಅವರ ಮಾತಿನಲ್ಲಿ ಮಾಕಪ್. ಇಂಥ ವಿಡಿಯೊ ದಿನಕ್ಕೆ ನಲವತ್ತು ನೋಡುವವರ ಕಣ್ಣು ಮೊದಲು ಹೋಗುವುದೇ ಆ ಮೂಲೆಗೆ.

ಡೆಮೊ ಎಂದಾಗ ಅಮೆರಿಕದ ನಿಕೋಲಾ ಕಂಪನಿಯ ವಿದ್ಯುತ್ ಲಾರಿ ನೆನಪಾಗದೆ ಇರದು. 2018ರ ಅವರ ವಿಡಿಯೊದಲ್ಲಿ ಲಾರಿ ರಸ್ತೆಯ ಮೇಲೆ ಜೋರಾಗಿ ಓಡುತ್ತದೆ. ನಿಜದಲ್ಲಿ ಅದನ್ನು ಇಳಿಜಾರಿನ ತುದಿಗೆ ಎಳೆದೊಯ್ದು ಬಿಟ್ಟಿದ್ದರು. 2020ರಲ್ಲಿ ಗುಟ್ಟು ರಟ್ಟಾದಾಗ, ಲಾರಿ ಸ್ವಂತ ಬಲದಿಂದ ಓಡುತ್ತಿದೆ ಎಂದು ವಿಡಿಯೊದಲ್ಲಿ ತಾವು ಹೇಳಿಯೇ ಇರಲಿಲ್ಲವಲ್ಲ ಎಂಬರ್ಥದ ಸಮಜಾಯಿಷಿ ಕಂಪನಿಯಿಂದ ಬಂತು. ಹೌದು, ಗುರುತ್ವಾಕರ್ಷಣೆಯೂ ಒಂದು ತಂತ್ರಜ್ಞಾನವೇ. 9:41ರ ಹುಡುಗರು ಅಷ್ಟು ದೂರ ಹೋದವರಲ್ಲ ನಿಜ, ಆದರೆ ಮಾಕಪ್ ಆದರೆ ‘ಇದು ಮಾಕಪ್’ ಎಂದು ಮೂಲೆಯಲ್ಲಿ ಬರೆಯಲು ಎಷ್ಟು ಹೊತ್ತು ಬೇಕು?

ಸಾಕಾಗಿದೆ ಕಣ್ರೀ. ಜ್ವರದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಎರಡು ಗಂಟೆ ಕಾದ ತಾಯಿಯ ಪಾಡೇ ಆ್ಯಪ್ ಬಗೆಹರಿಸಬೇಕಾದ ಸಮಸ್ಯೆ. ಅವಳು ಬೆಂಚಿನಿಂದ ಏಳುವಂತಿಲ್ಲ, ಎದ್ದರೆ ಸರದಿ ಹೋಗುತ್ತದೆ. ಇಷ್ಟು ಹೇಳಲು 20 ಸೆಕೆಂಡು ಧಾರಾಳ. ಭೂಗೋಳ ಯಾಕೆ? ‘ಕಾಂಪೌಂಡರ್ ಒಂದು ಗುಂಡಿ ಒತ್ತಿದರೆ ಕಾಯುವವರ ಫೋನಿನಲ್ಲಿ ಸಂಖ್ಯೆ ಇಳಿಯುತ್ತದೆ’ ಎಂಬುದು ಪರಿಹಾರ, 15 ಸೆಕೆಂಡು. ಮಿಕ್ಕ ಒಂದು ನಿಮಿಷ ಡೆಮೊಗೆ ಕೊಡಿ. ಎರಡು ನಿಜವಾದ ಫೋನು ಒಂದೇ ಚೌಕಟ್ಟಿನಲ್ಲಿರಲಿ, ಇಲ್ಲಿ ಒತ್ತಿದ್ದು ಅಲ್ಲಿ ಇಳಿಯುವುದು ಕತ್ತರಿ ಬೀಳದೆ ಕಾಣಲಿ. ನೆಟ್‌ವರ್ಕ್ ಆರು ಸೆಕೆಂಡು ತಿರುಗಿಸಿದರೆ ಅಷ್ಟನ್ನು ಕತ್ತರಿಸಿ, ಕತ್ತರಿಸಿದ್ದೇವೆ ಎಂದು ಪರದೆಯ ಮೇಲೆ ಬರೆಯಿರಿ. ನೋಟಿಫಿಕೇಶನ್ ಮೊದಲೇ ಆಫ್ ಮಾಡಿ. ಇಲ್ಲದಿದ್ದರೆ ರೋಗಿಯ ಸಂಖ್ಯೆಯ ಮೇಲೆ ‘ಮಗಾ ಎಲ್ಲಿದ್ದೀಯ’ ಬಂದು ಕೂರುತ್ತದೆ. ಲ್ಯಾಪ್‌ಟಾಪಿನ ಇಡೀ ಪರದೆ ತೋರಿಸುವ ಚಪಲವೂ ಬೇಡ, ತೀರ್ಪುಗಾರರು ಫೋನಿನಲ್ಲಿ ನೋಡುವಾಗ ಅಕ್ಷರಗಳೆಲ್ಲ ಇರುವೆ ಸಾಲು. ಇನ್ನು ಆ ಡೋಲು: ಮಾತಿನ ಕೆಳಗೆ ಅದನ್ನು ಪೂರ್ತಿ ನಿಲ್ಲಿಸಿದರೆ ಯಾರೂ ಕಣ್ಣೀರು ಹಾಕುವುದಿಲ್ಲ.

ಕೊನೆಗೆ ಉಳಿಯುವುದು ಕೋರಿಕೆ, ಅವರ ಭಾಷೆಯಲ್ಲಿ ‘ಆಸ್ಕ್’. ಅದಕ್ಕೂ 25 ಸೆಕೆಂಡು ಮಿಕ್ಕಿದೆ. ಆದರೆ ಅವರು ಕಳಿಸುವ ಇಡೀ ವಿಡಿಯೊದಲ್ಲಿ ಏನನ್ನೂ ಕೇಳದ ಭಾಗ ಇದೊಂದೇ. ‘ಬನ್ನಿ, ಬದಲಾವಣೆಯ ಪಯಣದಲ್ಲಿ ಕೈಜೋಡಿಸಿ.’ ಕೈಯಲ್ಲಿ ಹಣ ಇದ್ದವನು ಅದನ್ನು ಎಲ್ಲಿ ಜೋಡಿಸಬೇಕು? ಎಷ್ಟು ಹಣ, ಎಷ್ಟು ತಿಂಗಳಿಗೆ, ಅಷ್ಟರಲ್ಲಿ ಏನಾಗುತ್ತದೆ ಎಂಬ ಮೂರನ್ನೂ ಒಂದೇ ವಾಕ್ಯದಲ್ಲಿ ಹೇಳಬಹುದು: ಆರು ತಿಂಗಳು, ಐದು ಕ್ಲಿನಿಕ್, ಕಾಯುವ ಹೊತ್ತು ಅರ್ಧಕ್ಕೆ ಇಳಿಯಿತೋ ಇಲ್ಲವೋ ಅಳೆದು ತೋರಿಸುತ್ತೇವೆ, ಅದಕ್ಕೆ ಇಷ್ಟು ಬೇಕು. ಮೊತ್ತ ಹೇಳಲು ನಾಚಿಕೆಯಂತೆ. ಬದಲಿಗೆ ಕಟ್ಟಕಡೆಯ ಸೆಕೆಂಡಿನಲ್ಲಿ ಒಂದು ಕ್ಯೂಆರ್ ಕೋಡ್ ಮಿಂಚಿ ಮಾಯವಾಗುತ್ತದೆ. ವಿಡಿಯೊ ನೋಡುತ್ತಿರುವ ಫೋನಿನಿಂದಲೇ ಅದನ್ನು ಸ್ಕ್ಯಾನ್ ಮಾಡಲು ತೀರ್ಪುಗಾರರು ಈಗ ಕನ್ನಡಿ ಹುಡುಕುತ್ತಿದ್ದಾರೆ.